25 ದೊಡ್ಡದೋ, 1000 ದೊಡ್ಡದೋ?

ಮಕ್ಕಳೇ, ಅಜ್ಜನ ವಿಟಮಿನ್ ಡಿ ಗುಳಿಗೆ ಡಬ್ಬಿಯ ಲೇಬಲ್ ಅನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿರಿ. ಪುಣೆಯಿಂದ ಮಗ ಕಳಿಸಿದ ಡಬ್ಬಿಯ ಮೇಲೆ 25 mcg ಎಂದಿದೆ, ಚಿಕ್ಕೋಡಿಯಲ್ಲಿ ಕೊಂಡದ್ದರ ಮೇಲೆ 1000 IU ಎಂದಿದೆ ಅನ್ನೋಣ. ಯಾವುದು ಹೆಚ್ಚು?

mcg ಅಂದರೆ ಮೈಕ್ರೋಗ್ರಾಂ, ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಅದು ತೂಕ. IU ಅಂದರೆ ಅಂತರರಾಷ್ಟ್ರೀಯ ಯೂನಿಟ್, ಔಷಧದ ಪರಿಣಾಮದ ಅಳತೆ. ವಿಟಮಿನ್ ಡಿಯಲ್ಲಿ 1 ಮೈಕ್ರೋಗ್ರಾಂಗೆ 40 ಯೂನಿಟ್. 25ನ್ನು 40ರಿಂದ ಗುಣಿಸಿದರೆ 1000. ರೂಪಾಯಿ, ಪೈಸೆಯಲ್ಲಿ ಎಣಿಸಿದ ಒಂದೇ ಹಣದಂತೆ ಎರಡೂ ಸಮ. ಬೇರೆ ಬೇರೆ ಔಷಧವೆಂದು ಎರಡನ್ನೂ ನುಂಗಿದರೆ ದುಪ್ಪಟ್ಟಾಗುತ್ತದೆ. ಈ 40 ವಿಟಮಿನ್ ಡಿಗೆ ಮಾತ್ರ, ಬೇರೆ ವಿಟಮಿನ್‌ಗಳ ಲೆಕ್ಕ ಬೇರೆ.

ಕೆಲವು ಡಬ್ಬಿಗಳಲ್ಲಿ µg ಎಂದಿರುತ್ತದೆ. ಫೋಟೋ ಮಸುಕಾದರೆ ಅದು mg, ಅಂದರೆ ಮಿಲಿಗ್ರಾಂನಂತೆ ಕಾಣುತ್ತದೆ. ಅದು ಸಾವಿರ ಪಟ್ಟು ಹೆಚ್ಚು! ಪಕ್ಕದಲ್ಲಿರುವ IU ಸಂಖ್ಯೆಯನ್ನು 40ರಿಂದ ಭಾಗಿಸಿರಿ. ಅದೇ ಸಂಖ್ಯೆ ಬಂದರೆ ಅದು ಮೈಕ್ರೋಗ್ರಾಂ.

ಇನ್ನು ಡಾಕ್ಟರರು ಕೆಲವರಿಗೆ ವಾರಕ್ಕೊಂದರಂತೆ ಬರೆಯುವ 60,000 IU ಗುಳಿಗೆ. ದೊಡ್ಡವರಿಗೆ ದಿನಕ್ಕೆ ಸುಮಾರು 600 ಯೂನಿಟ್ ಸಾಕು. ಅಂದರೆ ಆ ಒಂದರಲ್ಲೇ ನೂರು ದಿನದ ಪಾಲಿದೆ. ಹೆಚ್ಚಾದ ವಿಟಮಿನ್ ಡಿ ಮೂತ್ರದಲ್ಲಿ ಹೋಗದೆ ಮೈಯ ಕೊಬ್ಬಿನಲ್ಲಿ ಉಳಿಯುತ್ತದೆ. ಮರೆತು ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ವಾಂತಿ, ಮಲಬದ್ಧತೆ ಕಾಣಬಹುದು, ಮೂತ್ರಪಿಂಡವೂ ಕೆಡಬಹುದು. ಹಾಗೆ ಕಂಡರೆ ಗುಳಿಗೆ ನಿಲ್ಲಿಸಿ, ಡಬ್ಬಿ ಸಮೇತ ಡಾಕ್ಟರರ ಬಳಿ ಹೋಗಿರಿ. ನುಂಗುವ ವಾರದ ಹೆಸರನ್ನು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಡುವ ಕೆಲಸ ಮೊಮ್ಮಕ್ಕಳದು.