‘ಸರ್, ಬಾಡಿಗೆ ಸ್ವಲ್ಪ ಲೇಟಾಗುತ್ತೆ’

“ಸರ್ ನಮಸ್ಕಾರ, ಹೇಗಿದೀರಾ? ಮನೇಲಿ ಎಲ್ಲಾ ಆರಾಮಾ? ಒಂದ್ ಸಣ್ಣ ರಿಕ್ವೆಸ್ಟ್ ಇತ್ತು. ಈ ತಿಂಗ್ಳು ಸ್ವಲ್ಪ ಟೈಟ್ ಇದೆ ಸರ್, ಬಾಡಿಗೆ ಒಂದ್ ನಾಲ್ಕೈದ್ ದಿನ ಆಚೀಚೆ ಆಗ್ಬಹುದು. ದಯವಿಟ್ಟು ಅಡ್ಜಸ್ಟ್ ಮಾಡ್ಕೊಳಿ.” ಕೊನೆಗೆ ಎರಡು ಕೈಮುಗಿದ ಇಮೋಜಿ.

ಬೆಂಗಳೂರಿನ ವಿಜಯನಗರದಲ್ಲೋ ಜಯನಗರದಲ್ಲೋ ಈ ಮೆಸೇಜು ಬಂದರೆ ಓನರ್ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಹತ್ತು ತಿಂಗಳದ್ದಲ್ಲದಿದ್ದರೂ ಐದಾರು ತಿಂಗಳ ಅಡ್ವಾನ್ಸ್ ಅವರ ಕೈಯಲ್ಲೇ ಇರುತ್ತದೆ, ಚಿಂತೆ ಯಾಕೆ? ಇದೇ ಮೆಸೇಜನ್ನು ಜರ್ಮನಿಯ ಮ್ಯೂನಿಕ್‌ನಲ್ಲಿರುವ ಕನ್ನಡದ ಬಾಡಿಗೆದಾರಳೊಬ್ಬಳು ಅಲ್ಲೇ ಫ್ಲ್ಯಾಟ್ ಕೊಂಡಿರುವ ಕನ್ನಡಿಗ ಮಾಲೀಕರಿಗೆ ಕಳಿಸಿದರೆ ಏನಾಗುತ್ತದೆ? ಭಾಷೆ ಅದೇ, ಸಲುಗೆಯೂ ಅದೇ. ಆದರೆ ಇಬ್ಬರ ನಡುವೆ ಇರುವುದು ಜರ್ಮನ್ ಕರಾರು, ಜರ್ಮನ್ ಕಾನೂನು. ಮೆಸೇಜು ಕನ್ನಡದಲ್ಲಿದೆ ಎಂದು ಅದರ ಬೆಲೆ ಅಲ್ಲಿ ಕಡಿಮೆಯೂ ಆಗುವುದಿಲ್ಲ, ಹೆಚ್ಚೂ ಆಗುವುದಿಲ್ಲ.

ಮೊದಲು ‘ಲೇಟು’ ಶುರುವಾಗುವುದು ಯಾವತ್ತಿನಿಂದ ಎಂದು ನೋಡೋಣ. ಹೆಚ್ಚಿನವರು ಒಂದನೇ ತಾರೀಖು ಎಂದುಕೊಂಡಿರುತ್ತಾರೆ. ಜರ್ಮನ್ ನಾಗರಿಕ ಸಂಹಿತೆಯ ಪ್ರಕಾರ ತಿಂಗಳ ಬಾಡಿಗೆಗೆ ಗಡುವು ಆ ತಿಂಗಳ ಮೂರನೇ ಕೆಲಸದ ದಿನ. ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಬಾಡಿಗೆಯ ಮಟ್ಟಿಗೆ ಶನಿವಾರವೂ ಲೆಕ್ಕಕ್ಕಿಲ್ಲ ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2010ರಲ್ಲಿ ಹೇಳಿದೆ. 2026ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಒಂದನೇ ತಾರೀಖು ಶುಕ್ರವಾರ, ಕಾರ್ಮಿಕ ದಿನದ ರಜೆ. ಎರಡು ಶನಿವಾರ, ಮೂರು ಭಾನುವಾರ. ಎಣಿಕೆ ಶುರುವಾಗುವುದೇ ನಾಲ್ಕರಿಂದ, ಗಡುವು ಮುಗಿಯುವುದು ಆರನೇ ತಾರೀಖು ಬುಧವಾರ. ಅದೇ ನ್ಯಾಯಾಲಯ 2016ರಲ್ಲಿ ಇನ್ನೊಂದು ಮಾತು ಸೇರಿಸಿತು: ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಮೂರನೇ ಕೆಲಸದ ದಿನದೊಳಗೆ ಬ್ಯಾಂಕಿಗೆ ವರ್ಗಾವಣೆಯ ಆದೇಶ ಕೊಟ್ಟರೆ ಸಾಕು. ಹಣ ಮಾಲೀಕರ ಖಾತೆಗೆ ಮರುದಿನ ಬಿದ್ದರೂ ಬಾಡಿಗೆದಾರರ ತಪ್ಪಿಲ್ಲ. ಹೀಗಾಗಿ ಒಂದನೇ ತಾರೀಖಿಗೇ ಗಾಬರಿಬಿದ್ದು ಕಳಿಸುವ ಮೆಸೇಜುಗಳಲ್ಲಿ ಕೆಲವಕ್ಕೆ ಅಗತ್ಯವೇ ಇರುವುದಿಲ್ಲ.

ಅಗತ್ಯವಿರುವ ಸಂದರ್ಭವೂ ಬರುತ್ತದೆ, ಸಾಮಾನ್ಯವಾಗಿ ಹೋದ ಹೊಸತರಲ್ಲೇ. ನಮ್ಮ ಬಾಡಿಗೆದಾರಳ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ಮಧ್ಯದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಷ್ಟರಲ್ಲಿ ಕಂಪನಿಯ ಆ ತಿಂಗಳ ಸಂಬಳದ ಪಟ್ಟಿ ಮುಗಿದಿತ್ತು, ಎರಡೂ ತಿಂಗಳದ್ದು ಸೇರಿ ಮೇ ಕೊನೆಗೆ ಬರುತ್ತದೆ ಎಂದಿದ್ದಾರೆ. ಕೇಳಿಕೊಂಡ ಮೇಲೆ ಹನ್ನೆರಡನೇ ತಾರೀಖಿಗೆ ಒಂದಿಷ್ಟು ಮುಂಗಡ ಕೊಡಲು ಒಪ್ಪಿದ್ದಾರೆ. ಮನೆಯ ‘ಕೋಲ್ಡ್ ರೆಂಟ್’, ಅಂದರೆ ಬರೀ ಬಾಡಿಗೆ, 1,050 ಯೂರೋ. ಹೀಟಿಂಗು, ನೀರು, ಕಸ, ಮೆಟ್ಟಿಲು ತೊಳೆಯುವುದು ಎಲ್ಲ ಸೇರಿದ ‘ವಾರ್ಮ್ ರೆಂಟ್’ 1,250. ಡಿಪಾಸಿಟ್ಟನ್ನು ಕಾನೂನು ಮೂರು ತಿಂಗಳ ಕೋಲ್ಡ್ ರೆಂಟಿಗೆ ಮಿತಿಗೊಳಿಸಿದೆ, ಅದನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟುವ ಹಕ್ಕನ್ನೂ ಕೊಟ್ಟಿದೆ. ಮೊದಲ ಕಂತು ಮನೆಗೆ ಬಂದಾಗ, ಉಳಿದ ಎರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ಹಾಗಾಗಿ ಮೇ ತಿಂಗಳಲ್ಲಿ ಅವಳು ಕಟ್ಟಬೇಕಾದದ್ದು 1,250 ಅಲ್ಲ, 2,300. ಖಾತೆಯಲ್ಲಿರುವುದು 1,400. ಸಂಬಳ ಬರುವ ತನಕ ಊಟ, ಟ್ರಾಮು, ಟ್ರೈನೂ ಅದರಲ್ಲೇ ನಡೆಯಬೇಕು.

ಇಲ್ಲಿ ನಮ್ಮವರಿಗೆ ತಟ್ಟನೆ ಹೊಳೆಯುವ ಉಪಾಯ, “ಹೋದ ತಿಂಗಳು ಕೊಟ್ಟ ಡಿಪಾಸಿಟ್‌ನಲ್ಲೇ ಹಿಡ್ಕೊಳಿ ಸರ್.” ಇದು ಅಲ್ಲಿ ನಡೆಯುವುದಿಲ್ಲ. ಡಿಪಾಸಿಟ್ ಹಣವನ್ನು ಮಾಲೀಕರು ತಮ್ಮ ಸ್ವಂತ ಹಣದೊಂದಿಗೆ ಬೆರೆಸದೆ ಬೇರೆ ಖಾತೆಯಲ್ಲಿ ಇಡಬೇಕು. ಮನೆ ಬಿಡುವ ಮುಂಚೆ ಬಾಡಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಿ ಎಂದು ಬಾಡಿಗೆದಾರರು ಒತ್ತಾಯಿಸುವಂತಿಲ್ಲ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಕೊನೆಯ ಎರಡು ತಿಂಗಳು ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ಮುರಿಸಿಕೊಂಡು ಅಭ್ಯಾಸವಾದವರು ಅಲ್ಲಿ ಮುಗ್ಗರಿಸುವುದು ಇಲ್ಲೇ.

ಆದರೆ ಡಿಪಾಸಿಟ್ಟಿನ ಎರಡನೇ ಕಂತನ್ನು ಮುಂದೂಡಿ ಎಂದು ಕೇಳುವುದು ಬೇರೆ ವಿಷಯ, ಜಾಣತನದ್ದೂ ಹೌದು. ಬಾಡಿಗೆ ಬಾಕಿ ಬಿದ್ದರೆ ಮಾಲೀಕರ ಗೃಹಸಾಲದ ಕಂತಿಗೇ ಕುತ್ತು ಬರಬಹುದು. ಡಿಪಾಸಿಟ್ಟು ಹೇಗೂ ಅವರು ಖರ್ಚು ಮಾಡಲಾಗದ ಹಣ, ಹದಿನೈದು ದಿನ ತಡವಾದರೆ ಅವರ ಮನೆಯ ಒಲೆ ಆರುವುದಿಲ್ಲ. ಕಾನೂನಿನ ಕಣ್ಣಲ್ಲೂ ಈ ಬಾಕಿ ಎರಡು ತಿಂಗಳ ಕೋಲ್ಡ್ ರೆಂಟಿನಷ್ಟು, ಇಲ್ಲಿ 2,100 ಯೂರೋ, ಬೆಳೆದ ಮೇಲೆಯೇ ತಕ್ಷಣ ಮನೆ ಬಿಡಿಸಲು ಕಾರಣವಾಗುತ್ತದೆ. ಆದ್ದರಿಂದ ಕೈಯಲ್ಲಿರುವ ಹಣ ಮೊದಲು ಹೋಗಬೇಕಾದದ್ದು ಬಾಡಿಗೆಗೆ.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಮೆಸೇಜನ್ನು ಮತ್ತೆ ಬರೆದರೆ ಹೀಗಾಗುತ್ತದೆ:

“ಸರ್ ನಮಸ್ಕಾರ. ಮೇ ತಿಂಗಳ ಬಾಡಿಗೆ ವಿಷಯ. ನಾನು ಏಪ್ರಿಲ್ ಮಧ್ಯ ಸೇರಿದ್ರಿಂದ ಮೊದಲ್ನೇ ಸಂಬಳ ತಡ ಆಗಿದೆ, 12ನೇ ತಾರೀಖು ಮುಂಗಡ ಕೊಡ್ತೀವಿ ಅಂತ ಎಚ್‌ಆರ್ ಹೇಳಿದಾರೆ. 1,250ರಲ್ಲಿ 800 ನಾಳೆನೇ ಹಾಕ್ತೀನಿ. ಉಳಿದ 450 ಮೇ 13, ಬುಧವಾರ ಹಾಕ್ತೀನಿ. ಡಿಪಾಸಿಟ್ ಎರಡನೇ ಕಂತು 1,050 ಜೂನ್ ಬಾಡಿಗೆ ಜೊತೆ ಕೊಡ್ಲಾ? ನಿಮಗೆ ಒಪ್ಪಿಗೆನಾ ಅಂತ ಒಂದ್ ಮಾತು ತಿಳಿಸಿ ಸರ್.”

ಯೋಗಕ್ಷೇಮ ವಿಚಾರಿಸುವುದನ್ನು ಬೇಕಾದರೆ ಸೇರಿಸಿಕೊಳ್ಳಲಿ, ಕನ್ನಡದವರಿಗೆ ಅದಿಲ್ಲದೆ ಮಾತು ಶುರುವಾಗುವುದಿಲ್ಲ. ಮೊತ್ತ, ತಾರೀಖು, ಕಾರಣ ಮತ್ತು ನೇರವಾದ ಪ್ರಶ್ನೆ ಮಾತ್ರ ಇರಲೇಬೇಕು. ಏಕೆಂದರೆ ಮಾಲೀಕರು “ಆಯ್ತು” ಎಂದ ಕ್ಷಣ ಅದು ಇಬ್ಬರ ನಡುವಿನ ಒಪ್ಪಂದ. ಬಾಕಿ 450ಕ್ಕೆ ಹೊಸ ಗಡುವು ಮೇ 13. ಅಲ್ಲಿಯವರೆಗೆ ಅವಳು ಕಾನೂನಿನ ಪ್ರಕಾರ ತಡಮಾಡಿದವಳೇ ಅಲ್ಲ. “ನಾಲ್ಕೈದು ದಿನ” ಎಂದು ಬರೆದ ಮೊದಲ ಮೆಸೇಜಿಗೆ ಮಾಲೀಕರು ಒಪ್ಪಿದರೂ ಒಪ್ಪಿದ್ದು ಯಾವ ದಿನಕ್ಕೆ ಎಂಬುದೇ ಗೊತ್ತಾಗುವುದಿಲ್ಲ. “ಆಚೀಚೆ ಆಗಬಹುದು” ಎಂದರೆ ಅದು ಕೇಳಿದ್ದೂ ಅಲ್ಲ, ಬರೀ ಸುದ್ದಿ ಮುಟ್ಟಿಸಿದ್ದು.

ಉತ್ತರ ಬರದಿದ್ದರೆ? ನೀಲಿ ಟಿಕ್ ಎರಡು ಬಿದ್ದಿವೆ, ಮಾಲೀಕರು ಸುಮ್ಮನಿದ್ದಾರೆ. ಊರಲ್ಲಿ ಮೌನಂ ಸಮ್ಮತಿ ಲಕ್ಷಣಂ. ಜರ್ಮನಿಯಲ್ಲಿ ಇಂಥ ಮೌನವನ್ನು ಒಪ್ಪಿಗೆ ಎಂದು ಹಿಡಿಯಲಾಗದು. ಮೂಲ ಗಡುವು ಹಾಗೇ ನಿಲ್ಲುತ್ತದೆ. ತಾರೀಖು ಮೊದಲೇ ನಿಗದಿಯಾಗಿರುವುದರಿಂದ ಮಾಲೀಕರು ಜ್ಞಾಪನೆ ಕಳಿಸಬೇಕೆಂದೂ ಇಲ್ಲ, ಗಡುವು ದಾಟಿದರೆ ತಂತಾನೇ ಸುಸ್ತಿ. “ನೋಡೋಣ ಬಿಡಿ” ಎಂಬ ಉತ್ತರವನ್ನೂ ಒಪ್ಪಿಗೆ ಎಂದು ನೆಚ್ಚಿಕೊಳ್ಳದಿರುವುದು ಕ್ಷೇಮ.

ಕನ್ನಡದ ಮಾಲೀಕರು ಬಹಳ ಸಲ ಬರೆದು ಉತ್ತರಿಸುವುದಿಲ್ಲ, ಫೋನ್ ಮಾಡುತ್ತಾರೆ. “ಆಯ್ತಮ್ಮ, ಪರವಾಗಿಲ್ಲ, ಹೊಸದಾಗಿ ಬಂದಿದೀಯ, ನಂಗೂ ಹೀಗೇ ಆಗಿತ್ತು.” ಬಾಯಿಮಾತಿನ ಒಪ್ಪಿಗೆಗೂ ಬೆಲೆಯಿದೆ. ನಾಳೆ ಮನಸ್ತಾಪ ಬಂದರೆ ರುಜುವಾತು ಮಾಡುವುದು ಕಷ್ಟ, ಅಷ್ಟೇ. ಫೋನ್ ಇಟ್ಟ ಕೂಡಲೇ “ಥ್ಯಾಂಕ್ಸ್ ಸರ್, ಫೋನಲ್ಲಿ ಮಾತಾಡಿದ ಹಾಗೆ 450 ಮೇ 13ಕ್ಕೆ, ಡಿಪಾಸಿಟ್ ಜೂನ್‌ಗೆ” ಎಂದು ಒಂದು ಸಾಲು ಹಾಕಿದರೆ ಯಾರಿಗೂ ನೋವಾಗುವುದಿಲ್ಲ. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಮಾಲೀಕರೆಂದಿದ್ದರೆ ಇಬ್ಬರಿಗೂ ಕಳಿಸಬೇಕು. ಒಂದು ವೇಳೆ ವಿಷಯ ಕೋರ್ಟಿಗೆ ಹೋದರೆ ಅಲ್ಲಿನ ಭಾಷೆ ಜರ್ಮನ್. ಕನ್ನಡದ ಚಾಟನ್ನು ಅನುವಾದ ಮಾಡಿಸಿಯೇ ತೋರಿಸಬೇಕಾಗುತ್ತದೆ, ವಾಯ್ಸ್ ಮೆಸೇಜಾದರೆ ಕೆಲಸ ಇನ್ನೂ ದೊಡ್ಡದು. ತಾನಾಗಿ ಅಳಿಸಿಹೋಗುವ ಮೆಸೇಜುಗಳ ಸೆಟ್ಟಿಂಗ್ ಆನ್ ಆಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಹಣ ಕಳಿಸುವ ಹಂತ. ಆ್ಯಪಿನಲ್ಲಿ ಪಾವತಿಯ ಉದ್ದೇಶ ಬರೆಯುವ ಜಾಗವನ್ನು ನಮ್ಮವರು ಖಾಲಿ ಬಿಡುತ್ತಾರೆ, ಇಲ್ಲವೇ ‘rent’ ಎಂದು ಮುಗಿಸುತ್ತಾರೆ. ಬಾಡಿಗೆ, ಡಿಪಾಸಿಟ್ಟು ಎರಡೂ ಬಾಕಿಯಿರುವಾಗ ಕಳಿಸಿದ ಹಣ ಯಾವುದಕ್ಕೆ ಎಂದು ಹೇಳುವ ಹಕ್ಕು ಕಳಿಸುವವರದು. ಹಾಗಾಗಿ ಅವಳು `Miete Mai 2026, Teil 1` ಎಂದೂ, ಹದಿಮೂರನೇ ತಾರೀಖು `Miete Mai 2026, Rest` ಎಂದೂ ಬರೆಯಬೇಕು. ಪ್ರತಿ ತಿಂಗಳು ತಾನಾಗಿ ಬಾಡಿಗೆ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಆದೇಶ ಕೊಟ್ಟಿದ್ದರೆ ಇನ್ನೊಂದು ಎಡವಟ್ಟು ಕಾದಿರುತ್ತದೆ. ಖಾತೆಯಲ್ಲಿ ಹಣ ಸಾಲದಿದ್ದರೆ ಬ್ಯಾಂಕು ಅರ್ಧ ಕಳಿಸುವುದಿಲ್ಲ, ಏನೂ ಕಳಿಸುವುದಿಲ್ಲ. ಬಾಡಿಗೆ ಹೋಯಿತು ಎಂದುಕೊಂಡು ಇವಳು ನಿಶ್ಚಿಂತೆಯಿಂದಿರುತ್ತಾಳೆ, ಅತ್ತ ಮಾಲೀಕರು ಕಾಯುತ್ತಿರುತ್ತಾರೆ. ಆ ತಿಂಗಳ ಮಟ್ಟಿಗೆ ಆದೇಶವನ್ನು ನಿಲ್ಲಿಸಿ ಕೈಯಾರೆ ಕಳಿಸಬೇಕು. “ಬ್ಯಾಂಕಿನವರು ತಡ ಮಾಡಿದರು ಸರ್” ಎಂಬ ಹಳೆಯ ನೆಪವೂ ಈಗ ಓಡುವುದಿಲ್ಲ. 2025ರ ಅಕ್ಟೋಬರ್‌ನಿಂದ ಯೂರೋ ವಲಯದ ಬ್ಯಾಂಕುಗಳು ಹತ್ತು ಸೆಕೆಂಡಿನಲ್ಲಿ ಮುಟ್ಟುವ ವರ್ಗಾವಣೆಯನ್ನು ಮಾಮೂಲಿ ವರ್ಗಾವಣೆಗಿಂತ ಹೆಚ್ಚಿನ ಶುಲ್ಕವಿಲ್ಲದೆ ಒದಗಿಸಲೇಬೇಕು, ರಜಾದಿನದಲ್ಲೂ.

ಇಷ್ಟೆಲ್ಲ ಮಾಡದೆ ಸುಮ್ಮನೆ ಒಂದು ವಾರ ತಡ ಮಾಡಿದರೆ ಮನೆಯಿಂದ ಹೊರಹಾಕುತ್ತಾರೆಯೇ? ಇಲ್ಲ. ತಕ್ಷಣ ಮನೆ ಬಿಡಿಸಬೇಕಾದರೆ ಸತತ ಎರಡು ತಿಂಗಳ ಗಡುವುಗಳಲ್ಲಿ ಉಳಿದ ಬಾಕಿ ಒಂದು ತಿಂಗಳ ಬಾಡಿಗೆಯನ್ನು ಮೀರಿರಬೇಕು, ಅಥವಾ ಬಿಟ್ಟು ಬಿಟ್ಟು ಸೇರಿದ ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾಗಬೇಕು. ಬಡ್ಡಿಯೂ ದೊಡ್ಡದಲ್ಲ. ವರ್ಷಕ್ಕೆ ಸುಮಾರು ಶೇಕಡ 6ರಂತೆ 1,250 ಯೂರೋಗೆ ಎಂಟು ದಿನದ ಬಡ್ಡಿ ಎರಡು ಯೂರೋಗೂ ಕಡಿಮೆ. ಅಪಾಯವಿರುವುದು ಅದೇ ಚಾಳಿಯಾದಾಗ. ಪ್ರತಿ ತಿಂಗಳೂ ಏಳೆಂಟು ದಿನ ತಡ, ಪ್ರತಿ ತಿಂಗಳೂ ಒಂದು ಕೈಮುಗಿದ ಇಮೋಜಿ. ಆಗ ಮಾಲೀಕರು ಬರಹದಲ್ಲಿ ಎಚ್ಚರಿಕೆ ಕೊಡಬಹುದು. ಅದಾದ ಮೇಲೂ ಮುಂದುವರಿದರೆ ಒಂದು ಪೈಸೆ ಬಾಕಿಯಿಲ್ಲದಿದ್ದರೂ ಬರೀ ತಡಮಾಡುವ ಕಾರಣಕ್ಕೇ ಮನೆ ಬಿಡಿಸಬಹುದು. ಜರ್ಮನಿಯಿಂದ ಕಾಗದದ ಪತ್ರ ಬಂದರೆ ಅದನ್ನು ಒಡೆಯದೆ ಇಡುವ ಕೆಟ್ಟ ಅಭ್ಯಾಸ ಹೊಸಬರಲ್ಲಿದೆ. ಆ ಎಚ್ಚರಿಕೆ ಅಂಥ ಲಕೋಟೆಯಲ್ಲೇ ಬರುವುದುಂಟು.

ಮ್ಯೂನಿಕ್‌ನಲ್ಲಿ ಮುಂದಿನ ಮನೆ ಹುಡುಕುವಾಗ ಸಂಬಳದ ಚೀಟಿಯ ಜೊತೆ, ಹಿಂದಿನ ಮಾಲೀಕರಿಂದ ‘ಬಾಡಿಗೆ ಬಾಕಿಯಿಲ್ಲ’ ಎಂಬ ಪತ್ರವನ್ನೂ ಕೇಳುತ್ತಾರೆ. ಆ ಪತ್ರ ಕೊಡಲೇಬೇಕೆಂಬ ಬಾಧ್ಯತೆ ಮಾಲೀಕರಿಗೆ ಕಾನೂನಿನಲ್ಲಿಲ್ಲ. ಅದು ಅವರ ಮರ್ಜಿ.