ನಿಂತರೆ ಸಾಕೇ, ಕೂರಲೇಬೇಕೇ?

ಬೆಳಗಿನಿಂದ ಬಗ್ಗಿ ನಾಟಿ ಮಾಡುವ ಅರವತ್ತೈದರ ಹೆಂಗಸಿಗೆ ಗದ್ದೆಯಲ್ಲಿ ಏನೂ ತೊಂದರೆ ಇಲ್ಲ. ಸಂಜೆ ಬದುವಿನ ಮೇಲೆ ನೆಟ್ಟಗೆ ನಡೆದು ಮನೆಗೆ ಹೊರಟರೆ ಮಾತ್ರ ಅರ್ಧ ದಾರಿಯಲ್ಲೇ ಎರಡೂ ತೊಡೆ ಭಾರವಾಗಿ, ಕಾಲು ಜೋಮು ಹಿಡಿಯುತ್ತದೆ. ನಿಂತು ಸುಧಾರಿಸಿಕೊಂಡರೆ ಹೋಗುವುದಿಲ್ಲ. ಕಲ್ಲಿನ ಮೇಲೆ ಕೂತು ಮುಂದಕ್ಕೆ ಬಾಗಿದರೆ ಹೋಗುತ್ತದೆ. ‘ಬಗ್ಗಿ ಬಗ್ಗಿ ಸೊಂಟ ಹಾಳಾಯ್ತು’ ಎಂದು ಮನೆಯವರು ಬೈಯುತ್ತಾರೆ. ಆದರೆ ಆಕೆಯ ನರಗಳಿಗೆ ಬಿಡುವು ಸಿಗುವುದೇ ಬಗ್ಗಿದಾಗ.

ಅದೇ ಊರಿನಲ್ಲಿ ಬೀಡಿ ಸೇದುವ ಇನ್ನೊಬ್ಬರಿದ್ದಾರೆ ಎನ್ನಿ. ಬಸ್‌ ನಿಲ್ದಾಣಕ್ಕೆ ನಡೆಯುವಾಗ ಅವರ ಬಲ ಮೀನಖಂಡ ಸೆಟೆದುಕೊಳ್ಳುತ್ತದೆ. ಅದೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದಾಗ. ಅಂಗಡಿ ಮುಂದೆ ಸುಮ್ಮನೆ ನಿಂತು ಯಾರೊಂದಿಗೋ ಎರಡು ಮಾತಾಡುವಷ್ಟರಲ್ಲಿ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು.

ಇಬ್ಬರೂ ವೈದ್ಯರ ಬಳಿ ಹೇಳುವುದು ಒಂದೇ ಮಾತು: ‘ನಡೆದರೆ ಕಾಲು ನೋವು, ಕೂತರೆ ಹೋಗುತ್ತೆ.’ ಮೊದಲನೆಯದು ಬೆನ್ನುಮೂಳೆಯ ಒಳದಾರಿ ಕಿರಿದಾಗಿ ನರ ಒತ್ತಿದ್ದರಿಂದ ಬಂದದ್ದು. ಎರಡನೆಯದು ಕಾಲಿಗೆ ರಕ್ತ ಒಯ್ಯುವ ಧಮನಿ ಕಟ್ಟಿಕೊಂಡಿದ್ದರಿಂದ ಬಂದದ್ದು. ಚಿಕಿತ್ಸೆಯೂ ಬೇರೆ, ಅಪಾಯವೂ ಬೇರೆ. ಬೇರ್ಪಡಿಸಲು ಮೊದಲು ಬೇಕಾದುದು ಸ್ಕ್ಯಾನಿಂಗ್‌ ಅಲ್ಲ, ಒಂದು ಪ್ರಶ್ನೆ: ನೋವು ಹೋಗಲು ನಿಂತರೆ ಸಾಕೇ, ಕೂರಲೇಬೇಕೇ?

ಈ ಪ್ರಶ್ನೆಗೆ ಇಷ್ಟು ಬೆಲೆ ಏಕೆ ಎಂಬುದು ಬೆನ್ನಿನೊಳಗೆ ನಡೆಯುವುದನ್ನು ನೋಡಿದರೆ ತಿಳಿಯುತ್ತದೆ. ದೊಡ್ಡವರಲ್ಲಿ ಮಿದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ನರಗಳು ಗೊಂಚಲಾಗಿ ಬೆನ್ನುಮೂಳೆಯ ಒಳದಾರಿಯಲ್ಲಿ ಇಳಿಯುತ್ತವೆ. ವಯಸ್ಸಾದಂತೆ ಈ ದಾರಿ ಮೂರು ಕಡೆಯಿಂದ ಒತ್ತುವರಿಯಾಗುತ್ತದೆ. ಮುಂದಿನಿಂದ ಡಿಸ್ಕ್‌ ಉಬ್ಬುತ್ತದೆ, ಪಕ್ಕದ ಸಣ್ಣ ಕೀಲುಗಳು ಸವೆದು ದಪ್ಪವಾಗುತ್ತವೆ, ಹಿಂದಿನಿಂದ ಮೂಳೆಗಳನ್ನು ಬಿಗಿದಿರುವ ಹಳದಿ ಬಣ್ಣದ ಪಟ್ಟಿಯೂ ದಪ್ಪವಾಗುತ್ತದೆ. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ ಇದು ಹೆಚ್ಚು. ನೆಟ್ಟಗೆ ನಿಂತಾಗ ಸೊಂಟ ಸ್ವಲ್ಪ ಹಿಂದಕ್ಕೆ ಬಾಗುತ್ತದಲ್ಲ, ಆಗ ಆ ಪಟ್ಟಿ ಮೊಣಕೈ ಮಡಿಸಿದಾಗ ಅಂಗಿಯ ತೋಳು ಒಳಬದಿಯಲ್ಲಿ ಸುಕ್ಕುಗಟ್ಟುವಂತೆ ದಾರಿಯೊಳಕ್ಕೆ ಮಡಿಕೆ ಬೀಳುತ್ತದೆ. ಮೊದಲೇ ಕಿರಿದಾದ ಜಾಗ ಇನ್ನಷ್ಟು ಕಿರಿದಾಗಿ ನರಗಳು ಒತ್ತಿಕೊಳ್ಳುತ್ತವೆ, ಅವುಗಳಿಗೆ ಸೇರಿದ ಸಣ್ಣ ರಕ್ತನಾಳಗಳೂ ಒತ್ತಿಕೊಳ್ಳುತ್ತವೆ. ಮುಂದಕ್ಕೆ ಬಾಗಿದರೆ ಪಟ್ಟಿ ಎಳೆದು ನಿಲ್ಲುತ್ತದೆ, ದಾರಿ ತೆರೆದುಕೊಳ್ಳುತ್ತದೆ. ನೆದರ್‌ಲೆಂಡ್ಸ್‌ನ ಶಸ್ತ್ರವೈದ್ಯ ಹೆಂಕ್‌ ವರ್ಬಿಸ್ಟ್‌ 1954ರಲ್ಲಿ ಈ ಕಾಯಿಲೆಯನ್ನು ವಿವರಿಸಿ ಬರೆದ ಮೇಲೆ ವೈದ್ಯಲೋಕ ಇದನ್ನು ಬೇರೆಯಾಗಿ ಗುರುತಿಸತೊಡಗಿತು.

ಅಂದರೆ ಇಲ್ಲಿ ನೋವಿಗೆ ಕಾರಣ ನಡಿಗೆಯಷ್ಟೇ ಅಲ್ಲ, ಭಂಗಿ. ಆದ್ದರಿಂದಲೇ ಇವರು ರೇಷನ್‌ ಅಂಗಡಿಯ ಸಾಲಿನಲ್ಲಿ ಒಂದು ಹೆಜ್ಜೆ ಇಡದೆ ನಿಂತರೂ ಕಾಲು ಹಿಡಿದುಕೊಳ್ಳುತ್ತದೆ. ಅದೇ ಸೈಕಲ್‌ ತುಳಿದರೆ, ತಳ್ಳುಗಾಡಿಯ ಮೇಲೆ ಭಾರ ಹಾಕಿ ನಡೆದರೆ ಆರಾಮ, ಯಾಕೆಂದರೆ ಮೈ ಮುಂದಕ್ಕೆ ಬಾಗಿರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಸುಲಭ, ಇಳಿಯುವಾಗ ಮೈ ಹಿಂದಕ್ಕೆ ವಾಲುವುದರಿಂದ ಕಷ್ಟ. ನೋವು ಸಾಮಾನ್ಯವಾಗಿ ಪಿರ್ರೆಯಿಂದ, ತೊಡೆಯಿಂದ ಶುರುವಾಗಿ ಕೆಳಗಿಳಿಯುತ್ತದೆ. ಜತೆಗೆ ಜೋಮು, ಭಾರ, ಕಾಲು ಕುಸಿದೀತು ಎಂಬ ಭಯ. ಇವತ್ತು ಅರ್ಧ ಕಿಲೋಮೀಟರ್‌ ನಡೆದವರು ನಾಳೆ ನೂರು ಹೆಜ್ಜೆಗೆ ನಿಲ್ಲಬಹುದು.

ಧಮನಿಯ ಲೆಕ್ಕ ಬೇರೆ. ಸಕ್ಕರೆ ಕಾಯಿಲೆ, ತಂಬಾಕು, ರಕ್ತದೊತ್ತಡ, ಕೊಲೆಸ್ಟರಾಲ್‌ನಿಂದ ಕಾಲಿನ ಧಮನಿಯ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ ಕಟ್ಟಿ ದಾರಿ ಕಿರಿದಾಗುತ್ತದೆ. ಕೂತಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಆ ಸಣ್ಣ ದಾರಿಯಲ್ಲೂ ಸಿಗುತ್ತದೆ. ನಡೆಯುವಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಪೂರೈಕೆ ಏರುವುದಿಲ್ಲ, ಸ್ನಾಯು ಸೆಟೆದುಕೊಳ್ಳುತ್ತದೆ. ನಿಂತ ಕೂಡಲೇ ಬೇಡಿಕೆ ಇಳಿಯುವುದರಿಂದ ಕೆಲವೇ ನಿಮಿಷಗಳಲ್ಲಿ ನೋವು ಹೋಗುತ್ತದೆ. ಬೆನ್ನು ನೆಟ್ಟಗಿದೆಯೋ ಬಾಗಿದೆಯೋ ಎಂಬುದು ಸ್ನಾಯುವಿಗೆ ಬೇಕಿಲ್ಲ. ಏರು ಹತ್ತಿದರೆ, ಬಿರುಸಾಗಿ ನಡೆದರೆ ನೋವು ಬೇಗ ಬರುತ್ತದೆ, ಸೈಕಲ್‌ ತುಳಿದರೂ ಬರುತ್ತದೆ. ಸಾಲಿನಲ್ಲಿ ಒಂದು ಗಂಟೆ ನಿಂತರೂ ಏನೂ ಆಗದು. ಸಾಮಾನ್ಯವಾಗಿ ಹಿಡಿಯುವುದು ಮೀನಖಂಡ. ಹೊಟ್ಟೆಯ ಕೆಳಗಿನ ದೊಡ್ಡ ಧಮನಿಯಲ್ಲೇ ಅಡ್ಡಿ ಇದ್ದರೆ ತೊಡೆ, ಪಿರ್ರೆಯಲ್ಲೂ ನೋವು ಬರುತ್ತದೆ. ಆಗ ಅದನ್ನು ಬೆನ್ನಿನ ನೋವೆಂದು ತಿಳಿಯುವುದು ತೀರಾ ಸುಲಭ.

ಕೂತರೆ ಎರಡೂ ನೋವು ಹೋಗುತ್ತದೆ ಎಂಬುದೇ ಇಲ್ಲಿನ ಬಲೆ. ‘ಕೂತರೆ ಹೋಗುತ್ತಾ?’ ಎಂದು ಕೇಳಿ ‘ಹೌದು’ ಎಂಬ ಉತ್ತರ ಪಡೆದರೆ ಏನೂ ತಿಳಿದಂತಾಗಲಿಲ್ಲ. ‘ನೆಟ್ಟಗೆ ನಿಂತೇ ಇದ್ದರೆ ಹೋಗುತ್ತಾ?’ ಎಂದೇ ಕೇಳಬೇಕು.

ಇಂಥ ರೋಗಿಗಳಲ್ಲಿ ಕಾಣುವ ಸಂಗತಿಗಳನ್ನು ಒಬ್ಬರಲ್ಲಿ ಕೂಡಿಸಿ ನೋಡೋಣ. 67 ವರ್ಷದ ನಿವೃತ್ತ ಬಸ್‌ ಕಂಡಕ್ಟರ್‌. ಬಹಳ ವರ್ಷಗಳಿಂದ ಶುಗರ್‌, ಬೀಡಿಯ ಅಭ್ಯಾಸ, ಆಗೀಗ ಸೊಂಟ ನೋವು. ನಡೆದರೆ ಬಲಗಾಲು ನೋವು ಎಂದಾಗ ಮೊದಲು ಆದದ್ದು ಸೊಂಟದ ಎಂಆರ್‌ಐ. ನಾಲ್ಕು–ಐದನೇ ಮೂಳೆಗಳ ನಡುವೆ ದಾರಿ ಕಿರಿದಾಗಿದೆ ಎಂದು ವರದಿ ಬಂತು. ಬೆನ್ನಿನ ಆಪರೇಷನ್‌ ಮಾತು ಎದ್ದಿತು.

ಎರಡನೇ ವೈದ್ಯರು ಫಿಲಂ ಬದಿಗಿಟ್ಟು ಕೇಳಿದರು, ‘ನೋವು ಬಂದಾಗ ಏನು ಮಾಡ್ತೀರಿ?’ ‘ನಿಲ್ತೀನಿ ಸಾರ್‌, ಎರಡು ಮೂರು ನಿಮಿಷಕ್ಕೆ ಸರಿಹೋಗುತ್ತೆ.’ ‘ಕೂರಬೇಕಾ?’ ‘ಬೇಕಾಗಿಲ್ಲ.’ ‘ಸಾಲಲ್ಲಿ ನಿಂತರೆ?’ ‘ಏನೂ ಆಗಲ್ಲ.’ ‘ಸೈಕಲ್‌?’ ‘ತುಳಿದರೂ ಮೀನಖಂಡ ಹಿಡಿಯುತ್ತೆ.’ ಚಪ್ಪಲಿ ಬಿಡಿಸಿ ಪಾದ ನೋಡಿದರೆ ಬಲಗಾಲು ಎಡಕ್ಕಿಂತ ತಣ್ಣಗಿದೆ, ಕಣಕಾಲಿನ ಕೂದಲು ಉದುರಿದೆ. ತೊಡೆಸಂದಿಯಲ್ಲಿ ನಾಡಿ ಚೆನ್ನಾಗಿದೆ, ಪಾದದಲ್ಲಿ ಸಿಗುತ್ತಿಲ್ಲ.

ಆಮೇಲೆ ಮಾಡಿದ್ದು ಬಿಪಿ ಪಟ್ಟಿ ಮತ್ತು ಅಂಗೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ಆಗುವ ಸರಳ ಪರೀಕ್ಷೆ. ಕೆಲ ಹೊತ್ತು ಮಲಗಿಸಿ ಎರಡೂ ತೋಳಿನ, ಎರಡೂ ಕಣಕಾಲಿನ ಒತ್ತಡ ಅಳೆಯುತ್ತಾರೆ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಎರಡು ತೋಳಿನಲ್ಲಿ ಹೆಚ್ಚಿನದು, ಒಂದೊಂದು ಪಾದದ ಎರಡು ಧಮನಿಗಳಲ್ಲಿ ಹೆಚ್ಚಿನದು ಲೆಕ್ಕಕ್ಕೆ. ಇವರ ತೋಳಿನಲ್ಲಿ 140 ಇತ್ತು. ಎಡ ಕಣಕಾಲಿನಲ್ಲೂ 140, ಅಂದರೆ 1.0. ಬಲಗಡೆ ಒಂದು ಧಮನಿಯಲ್ಲಿ 80, ಇನ್ನೊಂದರಲ್ಲಿ 84. 84ನ್ನು 140ರಿಂದ ಭಾಗಿಸಿದರೆ 0.60. ಇದು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಧಮನಿಯಲ್ಲಿ ಅಡ್ಡಿ ಇದೆ ಎಂದೇ ಅರ್ಥ. ಬಲಗಾಲಿನ ನೋವು ಬೆನ್ನಿನದಲ್ಲ, ರಕ್ತನಾಳದ್ದು.

ಹಾಗಾದರೆ ಎಂಆರ್‌ಐ ಸುಳ್ಳು ಹೇಳಿತೇ? ಇಲ್ಲ. ದಾರಿ ಕಿರಿದಾಗಿದ್ದು ನಿಜ. ಆದರೆ ಅರವತ್ತು ದಾಟಿದ, ಯಾವ ನೋವೂ ಇಲ್ಲದ ಎಷ್ಟೋ ಜನರ ಬೆನ್ನಿನಲ್ಲೂ ಇದೇ ಚಿತ್ರ ಕಾಣುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಮೂಲವಾಗಬೇಕಿಲ್ಲ. ಮೊದಲು ಎಂಆರ್‌ಐ, ಆಮೇಲೆ ಮಾತು ಎಂಬ ಈಗಿನ ಕ್ರಮ ಈ ವಯಸ್ಸಿನವರ ಮಟ್ಟಿಗೆ ತಲೆಕೆಳಗಾದದ್ದು ಎಂದೇ ನನ್ನ ಅಭಿಪ್ರಾಯ.

ಕಣಕಾಲಿನ ಪರೀಕ್ಷೆಗೂ ಮಿತಿಗಳಿವೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಧಮನಿಯ ಗೋಡೆ ಸುಣ್ಣಗಟ್ಟಿ ಗಟ್ಟಿಯಾಗಿ ಪಟ್ಟಿಯ ಒತ್ತಡಕ್ಕೆ ಮಣಿಯುವುದಿಲ್ಲ. ಆಗ ಅಡ್ಡಿ ಇದ್ದರೂ ಸಂಖ್ಯೆ ಸರಿಯಾಗಿಯೇ ಕಾಣಬಹುದು, 1.4 ದಾಟಲೂಬಹುದು. ಅಂಥವರಿಗೆ ಹೆಬ್ಬೆರಳಿನ ಒತ್ತಡ ಅಳೆಯಬೇಕು. ಇನ್ನು ಕೆಲವರಲ್ಲಿ ಮಲಗಿದಾಗ ಸರಿಯಿದ್ದ ಸಂಖ್ಯೆ ನಡೆಸಿದ ಮೇಲೆ ಇಳಿಯುತ್ತದೆ. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಅಪರೂಪವಲ್ಲ. ಎರಡೂ ಮುಪ್ಪಿನ ಸಂಗಾತಿಗಳು. ಧಮನಿ ಸರಿಪಡಿಸಿದ ಮೇಲೂ ಸಾಲಿನಲ್ಲಿ ನಿಂತಾಗ ನೋವು ಉಳಿದರೆ ಬೆನ್ನಿನ ಕಡೆ ಮತ್ತೆ ನೋಡಬೇಕು.

ಹೆಸರು ಸರಿಯಾಗಿ ಸಿಕ್ಕರೆ ದಾರಿ ಕವಲೊಡೆಯುತ್ತದೆ. ಧಮನಿಯ ನೋವಿಗೆ ಮೊದಲ ಮದ್ದು ತಂಬಾಕು ಬಿಡುವುದು, ಎರಡನೆಯದು ನಡಿಗೆಯೇ. ನೋವು ಸಾಕಷ್ಟು ಬರುವವರೆಗೆ ನಡೆದು, ನಿಂತು, ಅದು ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ಸಲ, ಮೂರು ತಿಂಗಳು. ಪಾದದಲ್ಲಿ ಹುಣ್ಣಿಲ್ಲದಿದ್ದರೆ, ವೈದ್ಯರು ಹೃದಯ ಪರೀಕ್ಷಿಸಿ ಒಪ್ಪಿದರೆ ಇದನ್ನು ಮಾಡಬಹುದು. ಜತೆಗೆ ಕೊಲೆಸ್ಟರಾಲ್‌ ಇಳಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಇವು ಕಾಲಿಗಿಂತ ಹೆಚ್ಚಾಗಿ ಹೃದಯಕ್ಕೆ, ಮಿದುಳಿಗೆ. ಕಾಲಿನ ಧಮನಿ ಕಟ್ಟಿದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು, ಆ ದೊಡ್ಡ ಎಚ್ಚರಿಕೆ ಬೆನ್ನುನೋವಿನ ಮುಲಾಮಿನಡಿ ಮುಚ್ಚಿಹೋಗಬಾರದು. ಇಷ್ಟಕ್ಕೂ ಬಗ್ಗದಿದ್ದರೆ ಬಲೂನು, ಸ್ಟೆಂಟ್‌ ಅಥವಾ ಬೈಪಾಸ್‌.

ಬೆನ್ನಿನ ನೋವಿಗೆ ಫಿಸಿಯೋಥೆರಪಿಯವರು ಮುಂದಕ್ಕೆ ಬಾಗುವ ವ್ಯಾಯಾಮ, ಸೈಕಲ್‌ ಹೇಳಿಕೊಡುತ್ತಾರೆ. ಸೊಂಟವನ್ನು ಹಿಂದಕ್ಕೆ ಬಗ್ಗಿಸುವ ಭುಜಂಗಾಸನದಂಥವು ಇವರಿಗೆ ಒಗ್ಗುವುದಿಲ್ಲ. ಎಷ್ಟೋ ಜನರಲ್ಲಿ ಇದು ವರ್ಷಗಟ್ಟಲೆ ಹೆಚ್ಚದೆ ಇದ್ದಹಾಗೇ ಇರುತ್ತದೆ, ಅವಸರದ ಆಪರೇಷನ್‌ ಬೇಕಿಲ್ಲ. ಬದುಕೇ ಮನೆಯೊಳಗೆ ಕಟ್ಟಿಬಿದ್ದಾಗ ದಾರಿ ಅಗಲಿಸುವ ಆಪರೇಷನ್‌ ಕಾಲಿನ ನೋವಿಗೆ ಒಳ್ಳೆಯ ಪರಿಹಾರ ಕೊಡುತ್ತದೆ, ಬರಿಯ ಸೊಂಟನೋವಿಗೆ ಅಷ್ಟು ಕೊಡುವುದಿಲ್ಲ.

ಕಾಯಬಾರದ ಸ್ಥಿತಿಗಳೂ ಇವೆ. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಪಾದ ಜೋತುಬೀಳುವುದು ನರದ ತುರ್ತು. ರಾತ್ರಿ ಮಲಗಿದಾಗ ಪಾದ ಉರಿದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಮಾಧಾನವಾಗುವುದು, ಮಾಯದ ಹುಣ್ಣು, ಕಪ್ಪಾಗುವ ಬೆರಳು ಧಮನಿಯ ಕೊನೆ ಹಂತದ ಗುರುತು. ಕಾಲು ಇದ್ದಕ್ಕಿದ್ದಂತೆ ಬಿಳಿಚಿ ತಣ್ಣಗಾಗಿ ನೋಯತೊಡಗಿದರೆ ಕೆಲವೇ ಗಂಟೆಗಳಲ್ಲಿ ರಕ್ತನಾಳದ ಚಿಕಿತ್ಸೆ ಇರುವ ಆಸ್ಪತ್ರೆ ಸೇರಬೇಕು.

ಮನೆಯಲ್ಲಿ ಹಿರಿಯರಿದ್ದರೆ ಅವರ ಪಾದದ ನಾಡಿ ಹುಡುಕಿ ನೋಡಿ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಗೆರೆ ಹಿಡಿದು ಪಾದದ ಮೇಲ್ಭಾಗಕ್ಕೆ ಬಂದರೆ ಒಂದು, ಕಣಕಾಲಿನ ಒಳಗಂಟಿನ ಹಿಂದೆ ಇನ್ನೊಂದು. ಎರಡು ಬೆರಳು ಹಗುರವಾಗಿ ಇಟ್ಟರೆ ಮಿಡಿತ ಸಿಗುತ್ತದೆ. ಪಾದದ ಮೇಲಿನದು ಕೆಲವರಿಗೆ ಹುಟ್ಟಿನಿಂದಲೇ ಸಿಗದಿರಬಹುದು, ಸಿಗದಿದ್ದರೆ ಹೆದರಬೇಡಿ, ವೈದ್ಯರಿಗೆ ತೋರಿಸಿ. ಶುಗರ್‌ ಇರುವವರು, ತಂಬಾಕಿನ ಅಭ್ಯಾಸ ಇರುವವರು ನಡೆದಾಗ ಕಾಲು ನೋವು ಎಂದರೆ, ಬೆನ್ನಿನ ಎಂಆರ್‌ಐಗೆ ದುಡ್ಡು ಕಟ್ಟುವ ಮೊದಲು ‘ಡಾಕ್ಟ್ರೇ, ಪಾದದ ನಾಡಿ ನೋಡ್ತೀರಾ?’ ಎಂದು ದಯವಿಟ್ಟು ಕೇಳಿ.