ವಿದೇಶಿ ಸಾಫ್ಟ್‌ವೇರ್ ಬಿಲ್ಲಿಗೆ ಬಂದ ಟಿಡಿಎಸ್ ನೋಟಿಸ್

ಪೀಣ್ಯದ ಸಣ್ಣ ಕಾರ್ಖಾನೆಯೊಂದು 2023ರ ಜೂನ್‌ನಲ್ಲಿ ಅಮೆರಿಕದ ಕಂಪನಿಗೆ ಡಿಸೈನ್ ಸಾಫ್ಟ್‌ವೇರಿನ ವಾರ್ಷಿಕ ಲೈಸೆನ್ಸಿಗೆಂದು 12 ಲಕ್ಷ ರೂಪಾಯಿ ಕಟ್ಟಿತು ಎಂದಿಟ್ಟುಕೊಳ್ಳಿ. ಕಂಪನಿ ಕಾರ್ಡಿನಲ್ಲಿ ಕಟ್ಟಿದ್ದರಿಂದ 15ಸಿಎ ಫಾರಂ ಕೊಡಿ ಎಂದು ಕೇಳುವವರೂ ಇರಲಿಲ್ಲ. ಎರಡು ವರ್ಷದ ಮೇಲೆ ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬರುತ್ತದೆ: ಈ ಹಣ ರಾಯಲ್ಟಿ, 195ನೇ ಸೆಕ್ಷನ್ ಪ್ರಕಾರ ತೆರಿಗೆ ಮುರಿದುಕೊಂಡೇ ಕೊಡಬೇಕಿತ್ತು, 201ರ ಅಡಿ ನಿಮ್ಮನ್ನು ಸುಸ್ತಿದಾರರೆಂದು ಏಕೆ ಪರಿಗಣಿಸಬಾರದು?

ಅಮೆರಿಕದ ಜೊತೆಗಿನ ತೆರಿಗೆ ಒಪ್ಪಂದದ ಶೇ. 15ರ ದರ ಹಿಡಿದರೂ ತೆರಿಗೆ 1.80 ಲಕ್ಷ. ತಿಂಗಳಿಗೆ ಶೇ. 1ರಂತೆ 24 ತಿಂಗಳ ಬಡ್ಡಿ 43,200. ಅಷ್ಟಕ್ಕೇ ಮುಗಿಯುವುದಿಲ್ಲ. 12 ಲಕ್ಷವನ್ನು ಖರ್ಚೆಂದು ಒಪ್ಪದೆ ಲಾಭಕ್ಕೆ ಸೇರಿಸಿಬಿಟ್ಟರೆ ಹೆಚ್ಚಿನ ಏಟು ಅಲ್ಲೇ ಬೀಳುತ್ತದೆ.

ಗಾಬರಿಯಲ್ಲಿ ಕೆಲವರು ‘ನಮಗೆ ಗೊತ್ತಿರಲಿಲ್ಲ’, ‘ಜಿಎಸ್‌ಟಿ ಕಟ್ಟಿದ್ದೇವಲ್ಲ’ ಎಂದು ಉತ್ತರ ಬರೆಯುತ್ತಾರೆ. ಎರಡೂ ಉಪಯೋಗಕ್ಕೆ ಬಾರವು. ಕೇಳಬೇಕಾದ ಪ್ರಶ್ನೆ ಒಂದೇ: ಆ ಹಣಕ್ಕೆ ಭಾರತದಲ್ಲಿ ತೆರಿಗೆ ಬೀಳುತ್ತದೆಯೇ? ಬೀಳದಿದ್ದರೆ ಮುರಿದುಕೊಳ್ಳುವ ಹೊಣೆಯೂ ಇಲ್ಲ.

ಇಂಥ ಹಣ ರಾಯಲ್ಟಿಯೇ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿತ್ತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪುಸ್ತಕ ಕೊಂಡವನಿಗೆ ಓದುವ ಹಕ್ಕು ಬರುತ್ತದೆ, ಅಚ್ಚು ಹಾಕಿ ಮಾರುವ ಹಕ್ಕು ಬರುವುದಿಲ್ಲವಲ್ಲ? ಹಾಗೆಯೇ, ಬಳಸಲಷ್ಟೇ ಕೊಂಡ ಸಾಫ್ಟ್‌ವೇರಿನ ಬೆಲೆ ಒಪ್ಪಂದದ ಪ್ರಕಾರ ರಾಯಲ್ಟಿ ಅಲ್ಲ. 2012ರಲ್ಲಿ ಕಾಯಿದೆಗೆ ಸೇರಿಸಿದ ವಿಸ್ತೃತ ವಿವರಣೆಯೂ ಒಪ್ಪಂದವನ್ನು ಮೀರುವಂತಿಲ್ಲ.

ಹಾಗಾಗಿ ಉತ್ತರದ ಜೀವಾಳ ಯಾರೂ ಓದದೆ ‘ಒಪ್ಪಿದೆ’ ಒತ್ತಿದ ಆ ಲೈಸೆನ್ಸ್ ಕರಾರು. ನಕಲು ಮಾಡಿ ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎನ್ನುವ ಕಲಮುಗಳಿಗೆ ಗುರುತು ಹಾಕಿ ಇನ್‌ವಾಯ್ಸ್ ಜೊತೆ ಲಗತ್ತಿಸಬೇಕು. ಮಾರಿದ ಕಂಪನಿಯಿಂದ ಆ ವರ್ಷದ ತೆರಿಗೆ ನಿವಾಸಿ ಪ್ರಮಾಣಪತ್ರ, ಫಾರಂ 10ಎಫ್, ಭಾರತದಲ್ಲಿ ಕಾಯಂ ವ್ಯವಹಾರ ನೆಲೆಯಿಲ್ಲವೆಂಬ ಘೋಷಣೆ ತರಿಸಬೇಕು. ಪ್ರಮಾಣಪತ್ರವಿಲ್ಲದೆ ಒಪ್ಪಂದದ ರಕ್ಷಣೆ ಕೇಳುವುದು ಕಷ್ಟ. ಅಮೆರಿಕದಿಂದ ಅದು ಬರಲು ಸಮಯ ಹಿಡಿಯುವುದರಿಂದ, ನೋಟಿಸಿನ ಗಡುವಿನೊಳಗೇ ಕಾಲಾವಕಾಶ ಕೋರಿ ಬರೆದುಬಿಡುವುದು ಒಳ್ಳೆಯದು.

ಸೋರ್ಸ್ ಕೋಡನ್ನೋ ನಕಲು ಮಾಡಿ ಮಾರುವ ಹಕ್ಕನ್ನೋ ಕೊಂಡಿದ್ದರೆ ಈ ವಾದ ನಿಲ್ಲದು. ಆಗ, ಮಾರಿದ ಕಂಪನಿ ಈ ಆದಾಯವನ್ನು ಭಾರತದಲ್ಲಿ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದ್ದರೆ, ಫಾರಂ 26ಎಯಲ್ಲಿ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಕೊಡಬಹುದು; ತೆರಿಗೆ ತಪ್ಪುತ್ತದೆ, ಬಡ್ಡಿ ಉಳಿಯುತ್ತದೆ. ಹಾಗಿಲ್ಲದಿದ್ದರೆ ಬೇಗ ಕಟ್ಟಿದಷ್ಟೂ ಬಡ್ಡಿ ಕಡಿಮೆ, ಕಟ್ಟಿದ ವರ್ಷ ಆ ಖರ್ಚನ್ನು ಪಡೆಯಲೂಬಹುದು.

ಉತ್ತರ ಒಪ್ಪದೆ ಅಧಿಕಾರಿ ಆದೇಶ ಹೊರಡಿಸಿದರೆ 30 ದಿನದೊಳಗೆ ಫಾರಂ 35ರಲ್ಲಿ ಮೇಲ್ಮನವಿ ಸಲ್ಲಿಸಬೇಕು. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲದು. ತಡೆ ಬೇಕಿದ್ದರೆ ಪ್ರತ್ಯೇಕ ಅರ್ಜಿ ಕೊಡಬೇಕು, ಸಾಮಾನ್ಯವಾಗಿ ಬೇಡಿಕೆಯ ಶೇ. 20ರಷ್ಟನ್ನು ಮೊದಲು ಕಟ್ಟಿಸಿಕೊಳ್ಳುತ್ತಾರೆ.